ವೆಬ್‌ಸೈಟಿನ ಬಾಲ ನೋಡಿ ದೇಶ ಹೇಳಬಹುದಾ?

ಪ್ರಶ್ನೆ: ನಾನು ಬಳಸುವ ಒಂದು ಸೈಟಿನ ವಿಳಾಸ .ai ಅಂತ ಮುಗಿಯುತ್ತದೆ, ಇನ್ನೊಂದು .io ಅಂತ. ಇವು ಯಾವ ದೇಶದವು? ಕೊನೆಯ ಅಕ್ಷರ ನೋಡಿ ದೇಶ ಗೊತ್ತು ಮಾಡಬಹುದಾ?

ಉತ್ತರ: ಕೆಲವು ಸಲ ಮಾತ್ರ. ಎರಡೇ ಇಂಗ್ಲಿಷ್ ಅಕ್ಷರಗಳ ಬಾಲ ಇದ್ದರೆ ಅದು ಸಾಮಾನ್ಯವಾಗಿ ಯಾವುದೋ ದೇಶಕ್ಕೋ ಪ್ರಾಂತ್ಯಕ್ಕೋ ಕೊಟ್ಟದ್ದು. ಆದರೆ ಆ ಬಾಲ ಯಾರದು ಅನ್ನೋದು ಬೇರೆ, ಸೈಟು ಯಾರದು ಅನ್ನೋದು ಬೇರೆ.

.ai ಕೆರಿಬಿಯನ್ ಸಮುದ್ರದ ಅಂಗ್ವಿಲ್ಲಾ ಅನ್ನೋ ಪುಟ್ಟ ದ್ವೀಪದ್ದು. ಅಲ್ಲಿರುವುದು ಸುಮಾರು 16 ಸಾವಿರ ಜನ. 1990ರ ದಶಕದಲ್ಲಿ ಈ ಎರಡಕ್ಷರ ಅವರ ಪಾಲಿಗೆ ಬಂದಾಗ ಅದಕ್ಕೆ ಅಂಥ ಬೆಲೆ ಏನೂ ಇರಲಿಲ್ಲ. ಕೃತಕ ಬುದ್ಧಿಮತ್ತೆಯ ಕಂಪನಿಗಳೆಲ್ಲ ಇದೇ ಬಾಲ ಬೇಕು ಅಂತ ಮುಗಿಬಿದ್ದ ಮೇಲೆ ಲೆಕ್ಕವೇ ಬದಲಾಯಿತು. 2023ರಲ್ಲಿ ಇದರಿಂದ ಸುಮಾರು 3.2 ಕೋಟಿ ಡಾಲರ್ ಬಂತು. ಅಲ್ಲಿನ ಸರ್ಕಾರದ ಆದಾಯದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ! ಕೊಳ್ಳುವವರು ಅಂಗ್ವಿಲ್ಲಾದಲ್ಲೇ ಇರಬೇಕು ಅಂತ ನಿಯಮ ಇಲ್ಲ, ದುಡ್ಡು ಕಟ್ಟಿದರೆ ಸಾಕು. .io ಕಥೆಯೂ ಹೀಗೇ. ಅದು ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರಾಂತ್ಯದ್ದು. ಅಲ್ಲಿ ಕಾಯಂ ನಿವಾಸಿಗಳೇ ಇಲ್ಲ, ಇರುವುದು ಸೇನಾ ನೆಲೆ. ಇನ್‌ಪುಟ್-ಔಟ್‌ಪುಟ್ ಅನ್ನೋದನ್ನ ಐ-ಓ ಅಂತ ಚುಟುಕಾಗಿ ಬರೆಯೋ ಪ್ರೋಗ್ರಾಮರ್‌ಗಳಿಗೆ ಅದು ಹಿಡಿಸಿತು, ಅಷ್ಟೇ.

ಹಾಗಾದರೆ ಯಾವ ಬಾಲವನ್ನು ನಂಬೋದು? ಕೊಳ್ಳುವವರಿಗೆ ಆ ದೇಶದ ನಂಟು ಇರಲೇಬೇಕು ಅಂತ ಕಟ್ಟುನಿಟ್ಟು ಇರುವಂಥದ್ದನ್ನು. ಜಪಾನಿನ .jp ಪಡೆಯಲು ಅಲ್ಲಿನ ವಿಳಾಸ ಬೇಕು. ಕೆನಡಾದ .ca ಕೂಡ ಸುಮ್ನೆ ಸಿಗಲ್ಲ. ನಮ್ಮ .in ಮಾತ್ರ ಯಾರಿಗೆ ಬೇಕಾದರೂ ಸಿಗುತ್ತದೆ, ಆದರೆ .gov.in ಸರ್ಕಾರಕ್ಕೆ ಮಾತ್ರ. ಇನ್ನೊಂದು ಎಚ್ಚರ: ಬಾಲ ಅಂದರೆ ಶುರುವಿನ `https://` ಬಿಟ್ಟು, ಆಮೇಲಿನ ಮೊದಲ ಓರೆಗೆರೆಗಿಂತ ಮುಂಚೆ ಬರುವ ಕೊನೆಯ ತುಂಡು. `de.wikipedia.org` ನೋಡಿ ಜರ್ಮನಿಯ ಸೈಟು ಅನ್ನಬೇಡಿ. ಅಲ್ಲಿ de ಜರ್ಮನ್ ಭಾಷೆಯ ಗುರುತು, ಬಾಲ .org.

ಎರವಲು ಬಾಲಕ್ಕೆ ಅಪಾಯವೂ ಇದೆ. ಲಿಬಿಯಾದ .ly ಇಂಗ್ಲಿಷ್ ಪದಗಳ ಕೊನೆಗೆ ಚೆನ್ನಾಗಿ ಕೂರುತ್ತದೆ ಅಂತ ತುಂಬಾ ಜನ ಕೊಂಡರು. ಆದರೆ 2010ರಲ್ಲಿ ವಿಳಾಸ ಚಿಕ್ಕದು ಮಾಡಿಕೊಡುವ `vb.ly` ಸೈಟನ್ನು, ಅದರಲ್ಲಿನ ವಿಷಯ ಅಲ್ಲಿನ ಕಾನೂನಿಗೆ ಒಪ್ಪದು ಅಂತ, ಲಿಬಿಯಾ ವಾಪಸ್ ಕಿತ್ತುಕೊಂಡಿತು. ನಡೆಸುತ್ತಿದ್ದವರು ಲಿಬಿಯಾದವರಲ್ಲ, ಆದರೂ ನಿಯಮ ಲಿಬಿಯಾದ್ದೇ.

ಸೈಟಿನ ಹಿಂದಿರುವವರು ಯಾವ ದೇಶದವರು ಅಂತ ನಿಜಕ್ಕೂ ತಿಳಿಯಬೇಕಾದರೆ ಪುಟದ ಕೆಳಗಿರುವ 'ಟರ್ಮ್ಸ್' ತೆರೆಯಿರಿ. ಯಾವ ಜಾಗದ ಕಾನೂನು ಅನ್ವಯಿಸುತ್ತದೆ ಅಂತ ಅಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ, ಕಂಪನಿಯ ವಿಳಾಸವೂ ಸಿಗಬಹುದು. ವಿಳಾಸ ಯಾರ ಹೆಸರಲ್ಲಿ ನೋಂದಣಿಯಾಗಿದೆ ಅಂತ ತೋರಿಸುವ ಹೂಈಸ್ ಹುಡುಕಾಟವನ್ನೂ ಮಾಡಬಹುದು, ಆದರೆ ಈಗ ಅದರಲ್ಲಿ ಮಾಲೀಕರ ಹೆಸರು ಬಹಳ ಸಲ ಮರೆಮಾಡಿರುತ್ತದೆ. ಬಾಲ ಯಾರ ಕೈಲಿದೆ ಅಂತಷ್ಟೇ ಬೇಕಿದ್ದರೆ `iana.org/domains/root/db` ಪಟ್ಟಿ ನೋಡಿ.