ತಂಗಿಯನ್ನು ತಬ್ಬಿಕೊಂಡ ಹುಡುಗನ ಫೋಟೋ ಮೊದಲು ಎಲ್ಲಿ ಬಂತು?

"ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಅಪ್ಪ-ಅಮ್ಮನನ್ನು ಕಳೆದುಕೊಂಡ ಅಣ್ಣ-ತಂಗಿ ಅಂತ ನಮ್ಮ ಶಿರಸಿ ಗ್ರೂಪಿನಲ್ಲಿ ಒಂದು ಫೋಟೋ ಓಡಾಡ್ತಾ ಇದೆ. ಪುಟ್ಟ ಹುಡುಗ ತಂಗಿಯನ್ನು ತಬ್ಬಿಕೊಂಡಿದ್ದಾನೆ. ಗೂಗಲ್‌ನಲ್ಲಿ ಹಾಕಿದರೆ ನೇಪಾಳ ಭೂಕಂಪ ಅಂತ ಬರುತ್ತದೆ. ಇದು ಮೊದಲು ಎಲ್ಲಿ ಬಂತು, ಆಗ ಏನು ಬರೆದಿದ್ದರು ಅಂತ ಹುಡುಕೋದು ಹೇಗೆ?"

ನೀವು ಹೇಳುವುದನ್ನು ನೋಡಿದರೆ ಇದು ನೇಪಾಳದ್ದೂ ಅಲ್ಲ, ವಿಯೆಟ್ನಾಂನ ಫೋಟೋ. ನಾನು ಕುಮಟಾದವನು. ಮಳೆಗಾಲದಲ್ಲಿ ಘಟ್ಟ ಕುಸಿದಾಗ ಇಲ್ಲಿನವರಿಗೆ ನಿಜವಾಗಿಯೂ ಸಹಾಯ ಬೇಕಾಗಿರುತ್ತದೆ. ಅಂಥ ಹೊತ್ತಲ್ಲಿ ಎಲ್ಲಿಯದೋ ಮಕ್ಕಳ ಮುಖ ತೋರಿಸುವುದು ನನಗೆ ಸಹಿಸಲಾಗದ ವಿಷಯ. ಅದಕ್ಕೇ ದಾರಿಯನ್ನು ಪೂರ್ತಿ ಬರೆಯುತ್ತೇನೆ, ನೀವೇ ನಡೆದು ನೋಡಿ.

ಮೊದಲು ಫೋಟೋ ಸರಿಮಾಡಿಕೊಳ್ಳಿ. ಮೇಲೆ ಬರೆದ ಕನ್ನಡ ಸಾಲು, ಅಂಚು, ಸ್ಟಿಕ್ಕರ್ ಎಲ್ಲ ಕತ್ತರಿಸಿ ಚಿತ್ರವನ್ನಷ್ಟೇ ಉಳಿಸಿ. ಅಕ್ಷರ ಇದ್ದರೆ ಹುಡುಕಾಟ ಅದರ ಹಿಂದೆಯೇ ಹೋಗುವುದುಂಟು. ಫೈಲಿನೊಳಗೆ ತಾರೀಕು ಸಿಗುತ್ತದೆ ಅಂತ ಕಾಯಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕ್ಯಾಮೆರಾದ ವಿವರ ಅಳಿಸಿಹೋಗುತ್ತದೆ.

ಆಮೇಲೆ ಗೂಗಲ್ ಲೆನ್ಸ್‌ಗೆ ಹಾಕಿ `Exact matches` ಒತ್ತಿ. ಇಲ್ಲದಿದ್ದರೆ ಸುಮ್ನೆ ಹೋಲುವ ಚಿತ್ರಗಳೇ ಜಾಸ್ತಿ ಬರುತ್ತವೆ. ಅದೇ ಫೋಟೋವನ್ನು tineye.com ಗೂ ಹಾಕಿ, ಫಲಿತಾಂಶವನ್ನು `Oldest` ಪ್ರಕಾರ ಜೋಡಿಸಿ. ಅಲ್ಲಿ ಕಾಣುವ ತಾರೀಕು ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ. ಫೋಟೋ ಹಾಕಿದ ದಿನ ಅದಕ್ಕಿಂತ ಎಷ್ಟೋ ಹಿಂದಿನದಿರಬಹುದು. ಅಷ್ಟೇ ಅಲ್ಲ, ಫೇಸ್‌ಬುಕ್ ಮತ್ತು ವಾಟ್ಸಾಪ್ ಒಳಗಿನದು ಇವಕ್ಕೆ ಬಹುಪಾಲು ಕಾಣುವುದೇ ಇಲ್ಲ. ಹಾಗಾಗಿ ಪಟ್ಟಿಯ ತುದಿಯಲ್ಲಿ ಸಿಕ್ಕಿದ್ದೇ ಮೂಲ ಅಂತ ನಿಲ್ಲಬೇಡಿ. ಒಮ್ಮೆ `Biggest image` ಪ್ರಕಾರವೂ ಜೋಡಿಸಿ ನೋಡಿ. ದೊಡ್ಡದಾಗಿರುವ, ಅಂಚು ಕತ್ತರಿಸದ ಪ್ರತಿ ಮೂಲಕ್ಕೆ ಹತ್ತಿರದ್ದಾಗಿರುವ ಸಾಧ್ಯತೆ ಹೆಚ್ಚು.

ನೇಪಾಳದಲ್ಲಿ ಭೂಕಂಪ ಆದದ್ದು 2015ರ ಏಪ್ರಿಲ್ 25ಕ್ಕೆ. ಅದಕ್ಕಿಂತ ಹಿಂದಿನ ಒಂದೇ ಒಂದು ಪ್ರತಿ ಸಿಕ್ಕರೂ ನೇಪಾಳದ ಕಥೆ ಬಿದ್ದುಹೋಗುತ್ತದೆ. ಈಗ ಫೋಟೋ ಬಿಟ್ಟು ಪದಗಳಿಂದ ಹುಡುಕಿ. ಫಲಿತಾಂಶಗಳಲ್ಲಿ ವಿಯೆಟ್ನಾಂ ಅಂತ ಬರೆದ ಪುಟಗಳೂ ಬರುತ್ತವೆ. ಅವುಗಳಲ್ಲಿ ಛಾಯಾಗ್ರಾಹಕನ ಹೆಸರು, ಊರಿನ ಹೆಸರು ಸಿಕ್ಕಿದ ಮೇಲೆ ಗೂಗಲ್‌ನಲ್ಲಿ ಹೀಗೆ ಹಾಕಿ:

```
"Na Son" "Ha Giang" before:2015-04-25
```

`before:` ಕೂಡ ಗೂಗಲ್ ಅಂದಾಜು ಮಾಡಿದ ತಾರೀಕನ್ನೇ ನಂಬುತ್ತದೆ. ಹಳೆಯ ಲೇಖನದ ಪಕ್ಕದಲ್ಲಿ ನಿನ್ನೆ ಬಂದ ಚಿಕ್ಕ ಚಿತ್ರ ಇದ್ದರೂ ಆ ಪುಟ ಹಳೆಯದೆಂದೇ ಬರುತ್ತದೆ. ಪುಟ ತೆರೆದು, ಫೋಟೋ ಲೇಖನದ ಒಳಗೇ ಇದೆಯಾ ನೋಡಿ. ಇನ್ನೂ ಅನುಮಾನ ಇದ್ದರೆ ಪುಟದ ವಿಳಾಸವನ್ನು, ಹಳೆಯ ವೆಬ್ ಪುಟಗಳನ್ನು ಉಳಿಸಿಡುವ web.archive.org ನಲ್ಲಿ ಹಾಕಿ, ಅಲ್ಲಿ ಮೊದಲು ಉಳಿಸಿಟ್ಟ ಪ್ರತಿಯಲ್ಲಿ ಫೋಟೋ ಇತ್ತಾ ಅಂತ ನೋಡಿ. ಆ ದಿನ ಅಲ್ಲಿತ್ತು ಅನ್ನುವುದಕ್ಕೆ ಅದು ಗಟ್ಟಿ ಸಾಕ್ಷಿ. ಉಳಿಸಿಡದ ಪುಟ ಅಲ್ಲಿ ಸಿಗುವುದಿಲ್ಲ, ಹಾಗಂತ ಪುಟವೇ ಇರಲಿಲ್ಲ ಅಂತ ಅರ್ಥ ಅಲ್ಲ.

ಈ ಫೋಟೋದ ವಿಷಯದಲ್ಲಿ ಮೂಲದ ಮಾತು ನೇರವಾಗಿ ಸಿಗುತ್ತದೆ. ನೇಪಾಳದ ಹೆಸರಿನಲ್ಲಿ ಅದು ಹರಡಿದಾಗ, 2015ರ ಮೇ ತಿಂಗಳಲ್ಲಿ, ಬಿಬಿಸಿ ಛಾಯಾಗ್ರಾಹಕ ನಾ ಸೋನ್ ಅವರನ್ನೇ ಮಾತನಾಡಿಸಿತು. ಅವರು ಫೋಟೋ ತೆಗೆದದ್ದು 2007ರ ಅಕ್ಟೋಬರ್‌ನಲ್ಲಿ, ಹಾ ಜಾಂಗ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಹ್ಮಾಂಗ್ ಸಮುದಾಯದ ಆ ಮಕ್ಕಳು ಮನೆ ಮುಂದೆ ಆಡುತ್ತಿದ್ದರು. ಅಪ್ಪ-ಅಮ್ಮ ಗದ್ದೆ ಕೆಲಸಕ್ಕೆ ಹೋಗಿದ್ದರು. ಗುರುತಿಲ್ಲದವರನ್ನು ಕಂಡು ಚಿಕ್ಕವಳು ಅತ್ತಳು, ಅಣ್ಣ ತಬ್ಬಿಕೊಂಡು ಸಮಾಧಾನ ಮಾಡಿದ. ಅಷ್ಟೇ ನಡೆದದ್ದು. ನಾ ಸೋನ್ ಆ ಫೋಟೋವನ್ನು ತಮ್ಮ ಬ್ಲಾಗಿನಲ್ಲಿ ಹಾಕಿದ್ದರು. ವರ್ಷಗಳ ನಂತರ ನೋಡಿದರೆ ಅವರದೇ ದೇಶದ ಫೇಸ್‌ಬುಕ್‌ನಲ್ಲಿ ಅದಕ್ಕೆ ಅನಾಥ ಮಕ್ಕಳು ಅನ್ನುವ ಸಾಲು ಅಂಟಿತ್ತು. ಬರ್ಮಾ, ಸಿರಿಯಾ ಅಂತಲೂ ಹೆಸರು ಬದಲಾಗಿದೆ.

ಗ್ರೂಪಿನಲ್ಲಿ ಉತ್ತರ ಹಾಕುವಾಗ ಫೋಟೋವನ್ನು ಮತ್ತೆ ಬರಿದಾಗಿ ಕಳಿಸಬೇಡಿ, ಅದೇ ಮುಂದಕ್ಕೆ ಹೋಗುತ್ತದೆ. ಚಿತ್ರದ ಮೇಲೇ "ವಿಯೆಟ್ನಾಂ, 2007" ಅಂತ ದೊಡ್ಡದಾಗಿ ಬರೆದು, ಬಿಬಿಸಿ ವರದಿಯ ಲಿಂಕ್ ಜೊತೆಗಿಡಿ. ಬೇರೆ ಫೋಟೋಗಳಲ್ಲಿ ತೆಗೆದವರು ಯಾರು ಅಂತ ಸಿಗದೇ ಹೋಗಬಹುದು. ಆಗ "ಈ ತಾರೀಕಿಗಿಂತ ಮೊದಲೇ ಇಂಥ ಪುಟದಲ್ಲಿ ಇತ್ತು" ಅಂತ ಮಾತ್ರ ಬರೆಯಿರಿ, ಮೂಲ ಸಿಕ್ಕಿತು ಅನ್ನಬೇಡಿ.