ನಿಲ್ಲಿಸಿದ ಕಾರಿನ ಮೇಲೆ ಮರ ಬಿದ್ದರೆ ಪಾಲಿಸಿಯ ಯಾವ ಭಾಗದಿಂದ ಹಣ?

ಪ್ರಶ್ನೆ: ಕಲಬುರಗಿಯಾಗ ನಮ್ಮ ಮನಿ ಮುಂದ ನಿಲ್ಲಿಸಿದ್ದ ಕಾರಿನ ಮ್ಯಾಲ ರಾತ್ರಿ ಗಾಳಿ ಮಳಿಗೆ ಪಾಲಿಕೆಯ ಬೇವಿನ ಮರ ಬಿದ್ದದ. ಕಾರಿಗೆ ಮೂರು ವರ್ಷ ನಾಲ್ಕು ತಿಂಗಳು. ಮರ ನಮ್ದಲ್ಲ, ಹಂಗಂದ್ರ ಥರ್ಡ್ ಪಾರ್ಟಿನಾಗ ಕೇಳಬೇಕೋ, ಬ್ಯಾರೆ ಕಡೆನೋ? ಗುಡ್ಡ ಕುಸಿದು ಬಿದ್ರೂ ಇದೇ ಏನ್ರಿ?

ಉತ್ತರ: ಥರ್ಡ್ ಪಾರ್ಟಿಯಲ್ಲಿ ಅಲ್ಲ, ನಿಮ್ಮದೇ ಕಾರಿನ ನಷ್ಟಕ್ಕಿರುವ ಓನ್ ಡ್ಯಾಮೇಜ್ ಭಾಗದಲ್ಲಿ ಕೇಳಬೇಕು. ಥರ್ಡ್ ಪಾರ್ಟಿ ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟ. ಬೇರೆಯವರ ಮರದಿಂದ ನಿಮ್ಮ ಕಾರಿಗೆ ಆದದ್ದು ಅದರೊಳಗೆ ಬರುವುದಿಲ್ಲ. ಪಾಲಿಕೆಯ ನಿರ್ಲಕ್ಷ್ಯ ಇತ್ತೆಂದು ತೋರಿಸಬಲ್ಲಿರಾದರೆ ಅವರನ್ನು ಕೇಳುವುದು ಬೇರೆ ದಾರಿ. ಅದು ಮುಗಿಯುವ ತನಕ ನಿಮ್ಮ ಕ್ಲೇಮ್ ಕಾಯಬೇಕಾಗಿಲ್ಲ.

ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಇರುವುದು 'ಸೆಕ್ಷನ್ 1' ಎಂಬ ಭಾಗದಲ್ಲಿ, ಅದನ್ನು ತೆಗೆದು ನೋಡಿ. ಬಿರುಗಾಳಿ, ಪ್ರವಾಹ, ಆಲಿಕಲ್ಲು ಮಳೆ ಒಂದು ಸಾಲಿನಲ್ಲಿವೆ. ಹೊರಗಿನಿಂದ ಆದ ಆಕಸ್ಮಿಕ ಪೆಟ್ಟು ಇನ್ನೊಂದು ಸಾಲು. ಭೂಕುಸಿತ ಮತ್ತು ಬಂಡೆ ಉರುಳುವುದು ಪ್ರತ್ಯೇಕ ಸಾಲು. ಮರಕ್ಕೆ ಮೊದಲ ಎರಡರಲ್ಲಿ ಯಾವುದನ್ನು ಹಿಡಿದರೂ ಸಿಗುವ ಮೊತ್ತ ಒಂದೇ. ನಮ್ಮ ಬಯಲು ಸೀಮೆಯಲ್ಲಿ ಗುಡ್ಡ ಕುಸಿಯುವುದು ಅಪರೂಪ, ಆದರೆ ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಹಾಗಾದರೂ ಇದೇ ಸೆಕ್ಷನ್. ವ್ಯತ್ಯಾಸ ಇಷ್ಟೇ: ಅಲ್ಲಿ ಕಾರು ಓಡುತ್ತಿರುತ್ತದೆ, ಹಾಗಾಗಿ ಓಡಿಸುತ್ತಿದ್ದವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಗಾಡಿ ಎಳೆಸುವ ಖರ್ಚಿಗೆ ಮೂಲ ಪಾಲಿಸಿಯಲ್ಲಿ ₹1,500 ಮಿತಿ ಇದೆ, ಘಟ್ಟದಿಂದ ಎಳೆಸಿದರೆ ಅದು ಸಾಲುವುದೇ ಇಲ್ಲ.

ಎಲ್ಲಕ್ಕೂ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಕೊಡುತ್ತಾರೆ, ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೊಂದೇ ವರ್ಷ. 'ಮೂರು ವರ್ಷದ ಇನ್ಶೂರೆನ್ಸ್ ಇದೆ' ಎಂದು ನಂಬಿ ಎರಡನೇ ವರ್ಷವೇ ಓನ್ ಡ್ಯಾಮೇಜ್ ಬಿಟ್ಟವರು ಬಹಳ. ನಿಮ್ಮದಾದರೆ ಮೂರು ವರ್ಷವೂ ಮುಗಿದು ನಾಲ್ಕು ತಿಂಗಳಾಗಿದೆ. ಆಗ ಮಾಡಿಸಿದ್ದು ಬರೀ ಥರ್ಡ್ ಪಾರ್ಟಿಯೋ, ಎರಡೂ ಸೇರಿದ್ದೋ? ಪಾಲಿಸಿಯ ಮೊದಲ ಪುಟದಲ್ಲಿ ಓನ್ ಡ್ಯಾಮೇಜ್ ಪ್ರೀಮಿಯಂ ಎಂಬ ಮೊತ್ತ ಮತ್ತು ಅದರ ಅವಧಿ ಇರಬೇಕು. ಅಲ್ಲಿ ಸೊನ್ನೆ ಇದ್ದರೆ ಈ ನಷ್ಟಕ್ಕೆ ವಿಮೆಯಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಇನ್ನು ಮರದ ವಿಷಯಕ್ಕೆ ಬನ್ನಿ. ತಂತಿಯೂ ಜೊತೆಗೆ ಬಿದ್ದಿದ್ದರೆ ಹತ್ತಿರ ಹೋಗದೆ ಜೆಸ್ಕಾಂಗೆ 1912 ಮಾಡಿ. ಕರೆಂಟ್ ಇಲ್ಲ ಎಂದು ಗೊತ್ತಾದ ಮೇಲೆ, ಮರ ಕತ್ತರಿಸುವ ಮುಂಚೆ ಫೋಟೊ ತೆಗೆಯಿರಿ: ನಂಬರ್ ಪ್ಲೇಟ್ ಕಾಣುವಂತೆ ನಾಲ್ಕೂ ದಿಕ್ಕಿನಿಂದ, ಕೊಂಬೆ ಎಲ್ಲಿ ಕೂತಿದೆ ಎಂದು ಹತ್ತಿರದಿಂದ, ಬುಡ ಎಲ್ಲಿ ಕಿತ್ತಿದೆ ಎಂದು ದೂರದಿಂದ. ಪಾಲಿಕೆಯವರು ಗರಗಸ ಹಾಕಿದ ಮೇಲೆ ಟಾಪಿನ ತಗ್ಗಿಗೆ ಕಾರಣ ತೋರಿಸುವ ಸಾಕ್ಷಿ ಉಳಿಯುವುದಿಲ್ಲ. ಕಂಪನಿಗೆ ತಡಮಾಡದೆ ತಿಳಿಸಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಯಾರಿಗೂ ಗಾಯವಾಗಿಲ್ಲವೆಂದರೆ ಸಾಮಾನ್ಯವಾಗಿ ಎಫ್‌ಐಆರ್ ಬೇಕಾಗುವುದಿಲ್ಲ.

ಕಾರು ಸ್ಟಾರ್ಟ್ ಮಾಡಿ ನೋಡಬೇಡಿ. ಬಾನೆಟ್ ಜಜ್ಜಿದ್ದರೆ ಒಳಗೆ ರೇಡಿಯೇಟರ್ ಸೀಳಿರಬಹುದು, ನೀರು ಸೋರಿ ಎಂಜಿನ್ ಬಿಸಿಯಾಗಿ ಕೂತರೆ ಆ ಖರ್ಚು ಮರದ ಲೆಕ್ಕಕ್ಕೆ ಬರುವುದಿಲ್ಲ. ರಿಪೇರಿಗೆ ಮುಂಚೆ ಓಡಿಸಿ ಹೆಚ್ಚಾದ ನಷ್ಟ ಮಾಲೀಕನದೇ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಒಡೆದ ಗಾಜಿನ ಮೇಲೆ ತಾಡಪತ್ರಿ ಕಟ್ಟಿ. ಮರುದಿನದ ಮಳೆಗೆ ಸೀಟು, ವೈರಿಂಗ್ ನೆನೆದರೆ 'ಕಾಪಾಡಲು ಪ್ರಯತ್ನ ಮಾಡಲಿಲ್ಲ' ಎಂದು ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್ ಅಷ್ಟನ್ನು ಕಡಿಯಬಹುದು. ಹಾಗೆ ಕಟ್ಟಿದ್ದಕ್ಕೂ ಒಂದು ಫೋಟೊ ಇರಲಿ.

ಫಾರ್ಮ್‌ನಲ್ಲಿ ಡ್ರೈವರ್ ಹೆಸರು ಕೇಳುವಲ್ಲಿ 'ನಿಲ್ಲಿಸಿತ್ತು, ಯಾರೂ ಇರಲಿಲ್ಲ' ಎಂದೇ ಬರೆಯಿರಿ. ಗ್ಯಾರೇಜಿನವರು ಸಲೀಸಾಗಲಿ ಎಂದು 'ಓಡಿಸುವಾಗ ಗುದ್ದಿದೆ' ಅಂತ ತುಂಬಿಸಿಬಿಡುತ್ತಾರೆ. ಟಾಪ್ ಮೇಲಿನಿಂದ ಕೆಳಕ್ಕೆ ಕುಸಿದದ್ದನ್ನು ನೋಡಿದರೆ ಸರ್ವೇಯರ್‌ಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಸುಳ್ಳು ಹೇಳಿಕೆಗೆ ನ್ಯಾಯವಾದ ಕ್ಲೇಮ್ ಕೂಡ ತಿರಸ್ಕಾರವಾದೀತು, ಇದರಲ್ಲಿ ದಯವಿಟ್ಟು ಯಾರ ಮಾತೂ ಕೇಳಬೇಡಿ. ರಿಪೇರಿ ₹50,000 ದಾಟುವ ಅಂದಾಜಿದ್ದರೆ ಲೈಸೆನ್ಸ್ ಇರುವ ಸರ್ವೇಯರ್ ನೋಡಲೇಬೇಕು. ಅವರು ನೋಡುವ ತನಕ ಯಾವ ಭಾಗವನ್ನೂ ಬಿಚ್ಚಿಸಬೇಡಿ.

ಎಷ್ಟು ಸಿಗುತ್ತದೆ? ನಿಮ್ಮಂಥದೇ ಕಾರು, 1,197 ಸಿಸಿ, ಭಾಗ ಹಳತಾದದ್ದಕ್ಕೆ ಕಡಿಯುವ ಸವಕಳಿಯನ್ನು ತಪ್ಪಿಸುವ ಝೀರೋ ಡೆಪ್ ಆ್ಯಡ್-ಆನ್ ಇಲ್ಲ ಎಂದಿಟ್ಟುಕೊಂಡು ಒಂದು ಬಿಲ್ ಲೆಕ್ಕ ಹಾಕೋಣ. ಮುಂದಿನ ಗಾಜು ₹9,000: ಗಾಜಿಗೆ ಸವಕಳಿ ಇಲ್ಲ. ಟಾಪ್, ಬಾನೆಟ್ ತಗಡು ₹24,000: ಮೂರರಿಂದ ನಾಲ್ಕು ವರ್ಷದ ಕಾರಿನ ಲೋಹಕ್ಕೆ 25%, ಅಂದರೆ ₹6,000 ಕಡಿತ. ಬಂಪರ್, ಹೆಡ್‌ಲೈಟ್ ಮುಂತಾದ ಪ್ಲಾಸ್ಟಿಕ್ ₹16,000: ಕಾರು ಎಷ್ಟೇ ಹೊಸದಿರಲಿ ಅರ್ಧ ಹೋಗುತ್ತದೆ, ₹8,000. ಡೆಂಟಿಂಗ್ ಕೂಲಿ ₹12,000ಕ್ಕೆ ಕಡಿತವಿಲ್ಲ. ಪೇಂಟಿಂಗ್ ಒಟ್ಟು ₹20,000: ಅದರ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ, ₹2,500. ಕೊನೆಗೆ 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕ ಹೊರುವ ₹1,000. ಬಿಲ್ ₹81,000, ಕಡಿತ ₹17,500, ಕಂಪನಿ ಕೊಡುವುದು ₹63,500. ಝೀರೋ ಡೆಪ್ ಇದ್ದಿದ್ದರೆ ಸುಮಾರು ₹80,000 ಸಿಗುತ್ತಿತ್ತು. ಟಾಪ್ ಪೂರ್ತಿ ಕುಸಿದು ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಹಿಡಿದ ಬೆಲೆಯ, 75% ಮೀರಿದರೆ ಮಾತ್ರ ಕಾರನ್ನೇ ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ.

ಅಂದು ರಾತ್ರಿ ಮರ, ಎರಡು ದಿನ ಬಿಟ್ಟು ಅದೇ ಕಾರಿಗೆ ಮಳೆ ನೀರು ನುಗ್ಗಿತು ಎಂದರೆ ಅವು ಎರಡು ಘಟನೆ, ಎರಡು ಕ್ಲೇಮ್, ₹1,000 ಕೂಡ ಎರಡು ಸಲ. ಒಂದರಲ್ಲೇ ಸೇರಿಸಿ ಬರೆಯಬೇಡಿ.

ಬರೀ ಗಾಜು ಒಡೆದಿದ್ದರೆ ಕ್ಲೇಮ್ ಮಾಡಬೇಕೆ ಎಂದು ಯೋಚಿಸಬೇಕು. ಇದುವರೆಗೆ ಕ್ಲೇಮ್ ಇಲ್ಲದಿದ್ದರೆ ಬರುವ ನವೀಕರಣದಲ್ಲಿ ನಿಮಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 45% ನೋ ಕ್ಲೇಮ್ ಬೋನಸ್ ಸಿಗಬೇಕು, ಆಮೇಲೆ ಅದು 50ಕ್ಕೆ ಏರಿ ಅಲ್ಲೇ ನಿಲ್ಲಬೇಕು. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿದು ಮತ್ತೆ 20, 25, 35, 45, 50 ಎಂದು ಏರಬೇಕು. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ ಪ್ರತಿ ವರ್ಷ ₹9,000 ಎಂದು ಹಿಡಿದರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು ₹4,050, ₹2,700, ₹2,250, ₹1,350, ₹450, ಒಟ್ಟು ₹10,800. ಗಾಜಿಗೆ ಸಿಗುವುದು ₹8,000 ಮಾತ್ರ, ಹಾಗಾಗಿ ಬೋನಸ್ ಉಳಿಸುವ ಆ್ಯಡ್-ಆನ್ ಇಲ್ಲದವರು ಅದನ್ನು ಕೈಯಿಂದಲೇ ಹಾಕಿಸುವುದು ಲಾಭ. ಟಾಪ್, ಬಾನೆಟ್ ಎರಡೂ ಹೋಗಿದ್ದರೆ ಬೋನಸ್ ನೋಡದೆ ಕ್ಲೇಮ್ ಮಾಡಿ.