ಡ್ರಿಪ್ ಕಂಟ್ರೋಲರ್ ಇಂಜಿನಿಯರ್ ರಿಮೋಟ್ ಸೆಷನ್ ಕೇಳಿದ್ದಾರೆ: ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಬೇಡ

«ತೋಟದ ಡ್ರಿಪ್ ಕಂಟ್ರೋಲರ್ ಹೊಸ ಲ್ಯಾಪ್‌ಟಾಪಿಗೆ ಕನೆಕ್ಟ್ ಆಗ್ತಿಲ್ಲ, ಹಳೇದ್ರಲ್ಲಿ ಸರಿ ಇತ್ತು. ಅದೇ ಯುಎಸ್‌ಬಿ ಕೇಬಲ್ಲು. ಕಂಪನಿ ಇಂಜಿನಿಯರ್ರು ರಿಮೋಟ್ ಸೆಷನ್ ಮಾಡೋಣ, ಸ್ಕ್ರೀನ್ ಶೇರ್ ಮಾಡಿ, ಅಡ್ಮಿನ್ ಪರ್ಮಿಷನ್ ಬೇಕು ಅಂತ ಮೆಸೇಜ್ ಹಾಕಿದಾರೆ. ಬ್ಯಾಂಕ್ ಕೆಲಸಾನೂ ಇದ್ರಲ್ಲೇ ಮಾಡೋದು. ಕೊಡಬಹುದಾ? ಏನೇನು ಕೊಡಬೇಕು?»

ಕೊಡಬಹುದು. ಆದರೆ ನೋಡುವುದು, ಮೌಸ್ ಹಿಡಿಯುವುದು, ಅಡ್ಮಿನ್ ಅನುಮತಿ ಮೂರೂ ಬೇರೆ ಬೇರೆ. ಮೂರನ್ನೂ ಒಂದೇ ಸಲ ಕೊಡುವ ಅಗತ್ಯವಿಲ್ಲ. ನಾನೂ ಸಪೋರ್ಟ್ ಕೆಲಸದವನೇ, ಬೇರೆ ಕಂಪನಿ, ಬೇರೆ ಯಂತ್ರ. ಹಾಗಾಗಿ ಆ ಕಡೆ ಕೂತವರಿಗೆ ನಿಜವಾಗಿ ಏನು ಬೇಕಾಗುತ್ತದೆ ಅನ್ನುವುದನ್ನು ಹೇಳುತ್ತೇನೆ.

ಮೊದಲು, ಅವರು ಸ್ಕ್ರೀನ್ ಯಾಕೆ ಕೇಳುತ್ತಾರೆ ಅಂದರೆ: ಫೋನಿನಲ್ಲಿ ಎಲ್ಲರೂ «ಹಳದಿ ಗುರುತು ಬರ್ತಿದೆ ಸಾರ್» ಅಂತ ಹೇಳುತ್ತಾರೆ. ಗುರುತಿನ ಪಕ್ಕದ ಸಾಲಿನಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಮದ್ದು ಬದಲಾಗುತ್ತದೆ. ಸ್ಟಾರ್ಟ್ ಬಟನ್ ಮೇಲೆ ಬಲಗಡೆ ಕ್ಲಿಕ್ ಮಾಡಿ Device Manager ತೆರೆಯಿರಿ. ಕೇಬಲ್ ಹಾಕಿರುವಾಗ Other devices ಕೆಳಗೆ ಹಳದಿ ಗುರುತು ಬಂದರೆ ಡ್ರೈವರ್ ಬಿದ್ದೇ ಇಲ್ಲ, ಹಾಕಿದರೆ ಮುಗಿಯಿತು. Ports (COM & LPT) ಕೆಳಗೆ ಹೀಗೆ ಬಂದರೆ ಕಥೆ ಬೇರೆ:

```
PL2303HXA PHASED OUT SINCE 2012. PLEASE CONTACT YOUR SUPPLIER.
```

ಹಳೇದರಲ್ಲಿ ನಡೆದು ಹೊಸದರಲ್ಲಿ ನಿಂತಿದೆ ಅಂದರೆ ನನಗೆ ಇದರ ಮೇಲೇ ಅನುಮಾನ. ಕೇಬಲ್ಲಿನ ತುದಿಯಲ್ಲಿರುವ ಚಿಪ್ಪು ಹಳೆಯದು. ಹೊಸ ವಿಂಡೋಸ್ ತಾನೇ ತಂದುಕೊಳ್ಳುವ ಹೊಸ ಡ್ರೈವರ್ ಆ ಚಿಪ್ಪನ್ನು ಬೇಕೆಂದೇ ಹೊರಗಿಡುತ್ತದೆ. ನಕಲಿ ಚಿಪ್ಪುಗಳ ಹಾವಳಿ ತಡೆಯಲು ತಯಾರಕರು ಮಾಡಿದ ಏರ್ಪಾಡಿನಲ್ಲಿ ಹಳೆಯ ಅಸಲಿಯೂ ಸಿಕ್ಕಿಬಿತ್ತು. ಕಂಟ್ರೋಲರ್ ಕೆಟ್ಟಿಲ್ಲ, ವಾಲ್ವ್‌ಗಳನ್ನು ಬಿಚ್ಚಬೇಡಿ.

ಈ ಪ್ರಶ್ನೆಗೆ ಮೇಲೆ ಉತ್ತರ ಬರೆದ ಭಟ್ಟರು «ಮೊದಲು ಡಿವೈಸ್ ಮ್ಯಾನೇಜರ್ ನೋಡಿ, ಆಮೇಲೆ ಸೆಷನ್» ಅಂದಿದ್ದು ನೂರಕ್ಕೆ ನೂರು ಸರಿ. ಆ ಸಾಲಿನ ಫೋಟೊ ತೆಗೆದು ಇಂಜಿನಿಯರ್‌ಗೆ ಮೊದಲೇ ಕಳಿಸಿದರೆ ಅರ್ಧ ಸೆಷನ್ ಉಳಿಯುತ್ತದೆ.

ಇನ್ನು ಇಂಜಿನಿಯರ್ ಕೇಳುವ ರೀತಿ. ಸರಿಯಾಗಿ ಕೆಲಸ ಮಾಡುವವರ ಮೆಸೇಜಿನಲ್ಲಿ ಯಾವ ಹೊತ್ತಿಗೆ, ಯಾವ ಆ್ಯಪ್, ಯಾವುದನ್ನು ಮುಟ್ಟುತ್ತೇವೆ ಅನ್ನುವುದು ಇರಬೇಕು. ನಾನು ಗ್ರಾಹಕರಿಗೆ ಕಳಿಸುವುದು ಹೆಚ್ಚುಕಡಿಮೆ ಹೀಗಿರುತ್ತದೆ:

«ನಮಸ್ಕಾರ. ನೀವು ಕೊಟ್ಟ ದೂರಿನ ನಂಬರ್ ಇದು. ಕೇಬಲ್ಲಿನ ಡ್ರೈವರ್ ನೋಡಬೇಕು, ಅಗತ್ಯ ಬಿದ್ದರೆ ಬದಲಿಸಬೇಕು. ಕ್ವಿಕ್ ಅಸಿಸ್ಟ್ ಬಳಸೋಣ, ಅದು ನಿಮ್ಮ ವಿಂಡೋಸ್‌ನಲ್ಲೇ ಇದೆ. ಬ್ಯಾಂಕ್, ಮೇಲ್, ವಾಟ್ಸ್ಆ್ಯಪ್ ಎಲ್ಲ ಮುಚ್ಚಿಡಿ. ಕಂಟ್ರೋಲರ್ ಆನ್ ಇರಲಿ, ಕೇಬಲ್ ಹಾಕಿರಲಿ. ಪಾಸ್‌ವರ್ಡ್ ನನಗೆ ಹೇಳಬೇಡಿ; ಕೇಳಿದಾಗ ನೀವೇ ಟೈಪ್ ಮಾಡಿ. ಕೆಲಸ ಮುಗಿಯುವ ತನಕ ನೀವು ಎದುರಿಗೇ ಕೂತಿರಿ.»

ನಿಮಗೆ ಬಂದ ಮೆಸೇಜಿನಲ್ಲಿ ಇಷ್ಟು ಇಲ್ಲದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ. ಮೆಸೇಜಿನಲ್ಲಿರುವ ನಂಬರಿಗೆ ಮಾಡಬೇಡಿ. ಬಿಲ್ಲಿನ ಮೇಲೋ ಕಂಟ್ರೋಲರ್ ಡಬ್ಬದ ಮೇಲೋ ಇರುವ ನಂಬರಿಗೆ ನೀವೇ ಫೋನ್ ಮಾಡಿ, ಇಂಥವರು ನಿಮ್ಮವರೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಈ ಒಂದು ಫೋನ್ ಉಳಿದೆಲ್ಲ ಎಚ್ಚರಿಕೆಗಿಂತ ದೊಡ್ಡದು.

ಕ್ವಿಕ್ ಅಸಿಸ್ಟ್ ಹೇಗೆ ಅಂದರೆ, ಕಂಟ್ರೋಲ್, ವಿಂಡೋಸ್, ಕ್ಯೂ ಮೂರೂ ಕೀ ಒಟ್ಟಿಗೆ ಒತ್ತಿ, ಇಲ್ಲವೇ ಸ್ಟಾರ್ಟ್‌ನಲ್ಲಿ Quick Assist ಅಂತ ಟೈಪ್ ಮಾಡಿ. ಇಂಜಿನಿಯರ್ ತಮ್ಮ ಕಡೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಒಳಗೆ ಹೋಗಿ ಆರು ಅಕ್ಷರದ ಕೋಡ್ ತೆಗೆದು ನಿಮಗೆ ಓದಿ ಹೇಳುತ್ತಾರೆ. ನೀವು ಯಾವ ಖಾತೆಗೂ ಹೋಗಬೇಕಿಲ್ಲ, ಕೋಡ್ ಹಾಕಿದರೆ ಸಾಕು. ಕೋಡ್ ಹತ್ತು ನಿಮಿಷಕ್ಕೆ ಸತ್ತುಹೋಗುತ್ತದೆ, ಹಾಗಾಗಿ ಅವರು ಫೋನಿನಲ್ಲಿರುವಾಗಲೇ ಹಾಕಿ. ಎಚ್ಚರಿಕೆಯ ಪುಟ ಬರುತ್ತದೆ, ಓದಿ Allow ಒತ್ತಿ. ಈಗ ಅವರಿಗೆ ನಿಮ್ಮ ಸ್ಕ್ರೀನ್ ಕಾಣುತ್ತದೆ, ಅಷ್ಟೇ. ಮೌಸ್ ಇನ್ನೂ ನಿಮ್ಮ ಕೈಯಲ್ಲೇ ಇದೆ.

ಇಲ್ಲಿ ಸ್ವಲ್ಪ ನಿಲ್ಲಿ. ಡಿವೈಸ್ ಮ್ಯಾನೇಜರ್ ನೋಡುವುದಕ್ಕೆ ಇಷ್ಟೇ ಸಾಕು. ಅವರು ಹೇಳಿದಲ್ಲಿ ನೀವು ಕ್ಲಿಕ್ ಮಾಡಿ ತೋರಿಸಬಹುದು. ಮೇಲಿನ ಸಾಲು ಕಂಡರೆ ಮುಂದಿನ ಕೆಲಸ ಹಳೆಯ ಡ್ರೈವರ್ ಹಾಕುವುದು. ಅದನ್ನು ಇನ್‌ಸ್ಟಾಲ್ ಮಾಡಿದ ಮೇಲೂ ವಿಂಡೋಸ್ ಹೊಸದನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ Update driver ಒಳಗೆ ಹೋಗಿ, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಅಂತ ಹೇಳಿ, ಹಳೆಯ ಆವೃತ್ತಿಯನ್ನು ಕೈಯಾರೆ ಆರಿಸಬೇಕು. ಬಾಯಲ್ಲಿ ಹೇಳಿ ಮಾಡಿಸುವುದು ಕಷ್ಟ, ಇಂಜಿನಿಯರ್ ಆಗ ಮೌಸ್ ಕೇಳುತ್ತಾರೆ. ನಿಮ್ಮ ಸ್ಕ್ರೀನಿನಲ್ಲಿ ಮತ್ತೆ ಅನುಮತಿ ಕೇಳುತ್ತದೆ. ಯಾಕೆ ಅಂತ ಅವರು ಹೇಳಿದ ಮೇಲೆ ಒಪ್ಪಿ. ಒಪ್ಪಿದ ಮೇಲೆ ಆ ಮನುಷ್ಯ ನಿಮ್ಮ ಕುರ್ಚಿಯಲ್ಲೇ ಕೂತ ಹಾಗೆ: ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿದ್ದರೆ ಅದು ಅವರಿಗೂ ತಾನೇ ತುಂಬಿಕೊಡುತ್ತದೆ. ಬ್ಯಾಂಕ್ ಪುಟದಿಂದ ಲಾಗೌಟ್ ಆದರೆ ಸಾಲದು, ಬ್ರೌಸರನ್ನೇ ಮುಚ್ಚಿಡಿ, ಅವರು ತೆರೆದರೆ ಯಾಕೆ ಅಂತ ಕೇಳಿ.

ಅಡ್ಮಿನ್ ಪರ್ಮಿಷನ್ ಅಂದರೆ ಅಡ್ಮಿನ್ ಪಾಸ್‌ವರ್ಡ್ ಕೊಡುವುದು ಅಂತ ಅಲ್ಲ. ಡ್ರೈವರ್ ಹಾಕುವಾಗ ಸ್ಕ್ರೀನ್ ಮಂಕಾಗಿ, ಈ ಪ್ರೋಗ್ರಾಂ ಬದಲಾವಣೆ ಮಾಡಲು ಬಿಡಲೇ ಅಂತ ವಿಂಡೋಸ್ ಕೇಳುತ್ತದೆ. ಆ ಹೊತ್ತಿಗೆ ಇಂಜಿನಿಯರ್ ಕಡೆ ಪೂರ್ತಿ ಕಪ್ಪಾಗುತ್ತದೆ. «ಕಟ್ಟಾಯ್ತು ಸಾರ್» ಅಂತ ಗ್ರಾಹಕರೂ ಗಾಬರಿ, ಹೊಸ ಇಂಜಿನಿಯರ್ ಹುಡುಗರೂ ಗಾಬರಿ! ಕಟ್ಟಾಗಿರುವುದಿಲ್ಲ. ಆ ಪ್ರಶ್ನೆಗೆ ಎದುರಿಗೆ ಕೂತವರೇ ಉತ್ತರಿಸಲಿ ಅಂತ ವಿಂಡೋಸ್ ಅದನ್ನು ಬೇರೆ ಪರದೆಯಲ್ಲಿ ತೋರಿಸುತ್ತದೆ. ಅಲ್ಲಿ Verified publisher ಎಂಬ ಸಾಲಿದೆ. ಹೆಸರು ಓದಿ ಹೇಳಿ, ಅವರು ಹೌದು ಅಂದರೆ ನೀವೇ Yes ಒತ್ತಿ. Unknown ಅಂತ ಬಂದರೆ ಫೈಲ್ ಎಲ್ಲಿಂದ ತಂದಿರಿ ಅಂತ ಕೇಳದೆ ಒತ್ತಬೇಡಿ.

ಭಟ್ಟರು ಸೆಷನ್ನಿಗೇ ಬೇರೆ ಯೂಸರ್ ಖಾತೆ ಮಾಡಿ ಅಂತಲೂ ಹೇಳಿದ್ದಾರೆ. ತಪ್ಪಿಲ್ಲ, ನಿಮ್ಮ ಬ್ರೌಸರ್ ಪಾಸ್‌ವರ್ಡ್‌ಗಳು ಅಲ್ಲಿ ಇರುವುದಿಲ್ಲ. ಒಂದು ಡ್ರೈವರ್‌ಗೆ ಅಷ್ಟು ದೂರ ಹೋಗಬೇಕಾ ಅಂದರೆ ನಾನು ಹೋಗುವುದಿಲ್ಲ. ಲೆಕ್ಕಪತ್ರ, ಸೊಸೈಟಿ ವ್ಯವಹಾರ ಎಲ್ಲ ಅದರಲ್ಲೇ ಇದೆ ಅಂದರೆ ಮಾಡಿ.

ನಮ್ಮ ಕಡೆಯ ಸೆಷನ್ನುಗಳು ನಿಜಕ್ಕೂ ಎಡವುವುದು ನೆಟ್‌ವರ್ಕಿನಲ್ಲಿ. ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ಅದೇ ಫೋನಿನಲ್ಲಿ ಇಂಜಿನಿಯರ್ ಜೊತೆ ಮಾತಾಡಿದರೆ ಅನೇಕ ಕಡೆ ಕಾಲ್ ಬಂದ ಕೂಡಲೇ ಡೇಟಾ ನಿಲ್ಲುತ್ತದೆ. ಎರಡು ಸಿಮ್ ಇದ್ದು, ಡೇಟಾ ಒಂದರಲ್ಲಿ ಕಾಲ್ ಇನ್ನೊಂದರಲ್ಲಿ ಬಂದರೂ ಅದೇ ಗೋಳು. ಹಾಟ್‌ಸ್ಪಾಟಿಗೆ ಒಂದು ಫೋನ್, ಮಾತಿಗೆ ಮನೆಯವರ ಫೋನ್ ಇಟ್ಟುಕೊಳ್ಳಿ. ಕರೆಂಟ್ ಯಾವಾಗ ಇರುತ್ತದೆ ನೋಡಿ ಹೊತ್ತು ಕೊಡಿ, ಡ್ರೈವರ್ ಹಾಕುವ ಮಧ್ಯೆ ಲ್ಯಾಪ್‌ಟಾಪ್ ಆಫ್ ಆಗಬಾರದು.

ಶಂಕರಣ್ಣ, «ಎನಿಡೆಸ್ಕ್ ಬ್ಯಾನ್ ಆಗಿದೆ, ರಿಸರ್ವ್ ಬ್ಯಾಂಕೇ ಹೇಳಿದೆ, ಯಾವುದನ್ನೂ ಹಾಕ್ಬೇಡಿ» ಅಂದಿರಿ. ಬ್ಯಾನ್ ಅಲ್ಲ. 2019ರ ಫೆಬ್ರವರಿಯಲ್ಲಿ ಬಂದದ್ದು ಎಚ್ಚರಿಕೆ: ವಂಚಕರು ಮೊಬೈಲಿನಲ್ಲಿ ಆ ಆ್ಯಪ್ ಹಾಕಿಸಿ, ಅದು ತೋರಿಸುವ ಒಂಬತ್ತು ಅಂಕಿಯ ನಂಬರ್ ಕೇಳಿ ಪಡೆದು, ಯುಪಿಐ ಮೂಲಕ ದುಡ್ಡು ಎತ್ತುತ್ತಿದ್ದರು. ನಿಮ್ಮ ಭಯ ಸುಳ್ಳಲ್ಲ. ಆದರೆ ಕ್ವಿಕ್ ಅಸಿಸ್ಟ್ ಆದರೆ ಮೋಸ ಆಗುವುದಿಲ್ಲ ಅಂತಲೂ ಇಲ್ಲ. ಅದನ್ನೂ ಕಳ್ಳರು ಬಳಸುತ್ತಿದ್ದಾರೆ ಅಂತ 2024ರಲ್ಲಿ ಮೈಕ್ರೋಸಾಫ್ಟೇ ಹೇಳಿದೆ. ಆ ಕಡೆ ಕೂತವರು ಯಾರು ಅನ್ನುವುದೇ ಮುಖ್ಯ. ಲ್ಯಾಪ್‌ಟಾಪಿನ ತೊಂದರೆಗೆ «ನಿಮ್ಮ ಫೋನಿನಲ್ಲೂ ಆ್ಯಪ್ ಹಾಕಿ» ಅಂದರೆ, ಒಟಿಪಿ ಕೇಳಿದರೆ, ರೀಫಂಡ್ ಅಂತ ಬ್ಯಾಂಕ್ ತೆರೆಸಿದರೆ, ಮಾತು ಬೆಳೆಸದೆ ಕಟ್ ಮಾಡಿ, ನೆಟ್ ಆಫ್ ಮಾಡಿ. ದುಡ್ಡು ಹೋದರೆ ಆ ಕ್ಷಣವೇ 1930ಕ್ಕೆ, ಬ್ಯಾಂಕಿಗೆ ಫೋನ್.

ಕಂಪನಿಯವರು ಎನಿಡೆಸ್ಕೇ ಬೇಕು ಅಂದರೆ ಅದರಲ್ಲೂ ಆಗುತ್ತದೆ. ಅಲ್ಲಿ ನಂಬರ್ ನಿಮ್ಮ ಕಡೆಯಿಂದ ಹೋಗುತ್ತದೆ. ಅವರು ಕರೆದಾಗ ಬರುವ ಕಿಟಕಿಯಲ್ಲಿ ಅನುಮತಿಗಳ ಸಾಲು ಇರುತ್ತದೆ. ಫೈಲ್ ಕಳಿಸುವುದು, ಕ್ಲಿಪ್‌ಬೋರ್ಡ್, ನಿಮ್ಮ ಕೀಬೋರ್ಡ್ ಲಾಕ್ ಮಾಡುವುದು ಇವನ್ನು ಆಫ್ ಮಾಡಿ, ಆಮೇಲೆ ಒಪ್ಪಿ. ನೀವಿಲ್ಲದಾಗಲೂ ಒಳಗೆ ಬರಲು ಪಾಸ್‌ವರ್ಡ್ ಇಡುವ Unattended Access ಮಾತ್ರ ಬೇಡವೇ ಬೇಡ. ತೋಟದ ಆಫೀಸಿನಲ್ಲಿ ಸದಾ ಓಡುವ ಕಂಪ್ಯೂಟರ್ ಇದ್ದವರಿಗೆ ಅದು ಅನುಕೂಲ ಅಂತ ಭಟ್ಟರ ವಾದ. ನನಗೆ ಇನ್ನೂ ಒಪ್ಪಿಗೆಯಿಲ್ಲ, ಆ ಜಗಳ ಬೇರೆ ಇರಲಿ.

ರಾಜಣ್ಣ, ನೀವು ಬರೆದಿರುವುದು ಮೋಟರ್ ಆನ್ ಮಾಡುವ ಮೊಬೈಲ್ ಸ್ಟಾರ್ಟರ್ ರಿಮೋಟ್ ಬಗ್ಗೆ. ಇಲ್ಲಿ ಕೇಳಿದ್ದು ಅದಲ್ಲ. ಆದರೆ ನಿಮ್ಮ ಸ್ಟಾರ್ಟರ್ ಸಿಮ್ ರೀಚಾರ್ಜ್ ಮುಗಿದಿದೆಯಾ ನೋಡಿ.

ಸುಮಕ್ಕ, ನಿಮ್ಮ ಹವಾಮಾನ ಯಂತ್ರದ ಕಂಪನಿಯವರೂ ರಿಮೋಟ್ ಸೆಷನ್ ಕೇಳಿದ್ದಾರೆ ಅಂದಿರಿ. ಅದರ ಆ್ಯಪ್ ಫೋನಿನಲ್ಲೇ ಇರುವುದರಿಂದ ನಿಮ್ಮದು ಬೇರೆ. ಫೋನನ್ನು ಅವರ ಕೈಗೆ ಕೊಡಬೇಡಿ. ಆಂಡ್ರಾಯ್ಡ್‌ನಲ್ಲಿ ಹೊರಗಿನವರು ನಿಮ್ಮ ಪರದೆ ಮುಟ್ಟಬೇಕಾದರೆ ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ, ಅದೇ ಅಪಾಯದ ಬಾಗಿಲು. ವಾಟ್ಸ್ಆ್ಯಪ್ ವಿಡಿಯೋ ಕಾಲಿನಲ್ಲೇ ಸ್ಕ್ರೀನ್ ಶೇರ್ ಇದೆ. ಅದರಲ್ಲಿ ಅವರು ನೋಡುತ್ತಾರೆ, ಒತ್ತುವುದು ನೀವೇ. ಒಟಿಪಿ ಮೆಸೇಜ್ ಬಂದರೂ ಕಾಣದ ಹಾಗೆ ನೋಟಿಫಿಕೇಶನ್ ಮೊದಲೇ ಆಫ್ ಮಾಡಿ.

ಕೊನೆಗೆ ಕೇಳಿದವರಿಗೆ. ಸೆಷನ್ ಮುಗಿದಾಗ Leave ಒತ್ತಿ, ಎನಿಡೆಸ್ಕ್ ಆಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಅದಕ್ಕೂ ಮುಂಚೆ ಇಂಜಿನಿಯರ್ ಇನ್ನೂ ಲೈನಿನಲ್ಲಿರುವಾಗಲೇ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಕೇಬಲ್ ತೆಗೆದು ಹಾಕಿ, ಒಂದು ವಾಲ್ವ್ ತೆರೆಸಿ ನೋಡಿ. Ports ಕೆಳಗೆ ಯಾವ COM ನಂಬರ್ ಬಂದಿದೆ ಅಂತ ಬರೆದಿಡಿ, ಕಂಟ್ರೋಲರ್ ಸಾಫ್ಟ್‌ವೇರಿನಲ್ಲೂ ಅದೇ ಇರಬೇಕು. ಕೇಬಲನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ನಂಬರ್ ಬದಲಾಗಬಹುದು, ಆಗ ಮತ್ತೆ ಕೆಟ್ಟಿತು ಅಂದುಕೊಳ್ಳಬೇಡಿ. ವಿಂಡೋಸ್ ಅಪ್‌ಡೇಟ್ ಒಂದು ದಿನ ಹೊಸ ಡ್ರೈವರನ್ನೇ ಮತ್ತೆ ತಂದು ಕೂರಿಸುವ ಸಾಧ್ಯತೆಯೂ ಇದೆ. ಆಗಾಗ ಹಾಗಾದರೆ ಬೇರೆ ಚಿಪ್ಪಿನ ಕೇಬಲ್ ಕಳಿಸಿ ಅಂತ ಕಂಪನಿಗೇ ಹೇಳಿ. ಆ ಚಿಪ್ಪು ಕಂಟ್ರೋಲರ್ ಒಳಗೇ ಇದ್ದರೆ ಅದು ಆಗುವುದಿಲ್ಲ. ಕೇಬಲ್ಲಿನ ಎರಡೂ ತುದಿಯ ಫೋಟೊ, ಹಳದಿ ಗುರುತಿನ ಸಾಲು, ಎರಡನ್ನೂ ಇಲ್ಲಿ ಹಾಕಿ. ಸಂಜೆ ನೋಡುತ್ತೇನೆ.